ಯೂನಿಟರಿ, ಫೆಡರಲ್, ಕಾನ್ಫೆಡರಲ್: ಕೊಟ್ಟ ಅಧಿಕಾರ ವಾಪಸ್ ತಗೊಳ್ಳೋದು ಯಾರ ಕೈಲಿದೆ? (ರಿವಿಷನ್ ನೋಟ್ಸ್)

ಕೇಂದ್ರಕ್ಕೂ ಅದರ ಕೆಳಗಿನ ಸರ್ಕಾರಗಳಿಗೂ ಅಧಿಕಾರ ಹಂಚೋ ಈ ಮೂರು ವ್ಯವಸ್ಥೆಗಳನ್ನ ಪರೀಕ್ಷೆಗೆ ಓದೋರು ಸಾಮಾನ್ಯವಾಗಿ ಒಂದು ಟೇಬಲ್ ಹಾಕ್ಕೊಂಡು ಬಾಯಿಪಾಠ ಮಾಡ್ತಾರೆ. ಯೂನಿಟರಿ ಅಂದ್ರೆ ಕೇಂದ್ರ ಬಲ ಜಾಸ್ತಿ, ಕಾನ್ಫೆಡರಲ್ ಅಂದ್ರೆ ಕೇಂದ್ರ ವೀಕು, ಫೆಡರಲ್ ಅಂದ್ರೆ ಮಧ್ಯದಲ್ಲಿ ಎಲ್ಲೋ. ತಪ್ಪು ಅಂತೇನಿಲ್ಲ, ಆದ್ರೆ ಪ್ರಶ್ನೆ ಸ್ವಲ್ಪ ತಿರುಚಿ ಕೇಳಿದ್ರೆ ಈ ಟೇಬಲ್ ಕೈಕೊಡುತ್ತೆ. ಉದಾಹರಣೆಗೆ ಡೆನ್ಮಾರ್ಕ್ ಯೂನಿಟರಿ ದೇಶ, ಆದ್ರೆ ಅಲ್ಲಿ ಸರ್ಕಾರಿ ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ನಡೆಯೋದು ಸ್ಥಳೀಯ ಸಂಸ್ಥೆಗಳ ಮೂಲಕ. ಬಲ ಎಷ್ಟು ಅಂತ ಅಳೆಯೋಕೆ ಹೋದ್ರೆ ಅದನ್ನ ಎಲ್ಲಿಡೋದು?

ಅದಕ್ಕೆ ಬಲ ಎಷ್ಟು ಅಂತ ಕೇಳೋದು ಬಿಟ್ಟು ಬೇರೆ ಎರಡು ಪ್ರಶ್ನೆ ಇಟ್ಕೊಳ್ಳಿ. ಒಂದು, ಅಧಿಕಾರದ ಹಂಚಿಕೆಯನ್ನ ಒಬ್ಬರೇ ಕೂತು ಬದಲಾಯಿಸೋಕೆ ಆಗುತ್ತಾ, ಆಗೋದಾದ್ರೆ ಯಾರಿಗೆ? ಎರಡು, ಕೇಂದ್ರ ಸರ್ಕಾರದ ಕಾನೂನು ನೇರವಾಗಿ ನಾಗರಿಕನ ತನಕ ಬರುತ್ತಾ, ಇಲ್ಲ ರಾಜ್ಯ ಸರ್ಕಾರದ ಬಾಗಿಲಲ್ಲೇ ನಿಂತುಬಿಡುತ್ತಾ? ಈ ಎರಡಕ್ಕೆ ಉತ್ತರ ಸಿಕ್ರೆ ಯಾವ ದೇಶವನ್ನಾದ್ರೂ ಸುಮಾರಾಗಿ ಸರಿಯಾದ ಗೂಡಲ್ಲಿ ಕೂರಿಸಬಹುದು.

ಇದನ್ನ ಕಲಿಯೋಕೆ ಅಮೆರಿಕಾಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಯಾಕಂದ್ರೆ ಅದೇ ಹದಿಮೂರು ರಾಜ್ಯಗಳು, ಹೆಚ್ಚುಕಮ್ಮಿ ಅದೇ ನಾಯಕರು, ಮೊದಲು ಕಾನ್ಫೆಡರಲ್ ವ್ಯವಸ್ಥೆ ಮಾಡಿ ನೋಡಿದ್ರು, ಅದು ಕೆಲಸ ಮಾಡ್ಲಿಲ್ಲ ಅಂತ ಹತ್ತು ವರ್ಷದೊಳಗೆ ಫೆಡರಲ್‌ಗೆ ಬಂದ್ರು. ಹಾಗಾಗಿ ಜನ ಬೇರೆ, ದೇಶ ಬೇರೆ ಅನ್ನೋ ನೆಪ ಇಲ್ಲದೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

## ಕಾನ್ಫೆಡರಲ್: ಅಮೆರಿಕಾ, 1781ರಿಂದ 1789

ಬ್ರಿಟನ್ ಜೊತೆ ಯುದ್ಧ ನಡೀತಿರುವಾಗಲೇ 1777ರಲ್ಲಿ ಇವರು ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್ ಅನ್ನೋ ಒಪ್ಪಂದ ಮಾಡ್ಕೊಂಡ್ರು, ಎಲ್ಲಾ ರಾಜ್ಯಗಳೂ ಸಹಿ ಹಾಕಿ ಅದು ಜಾರಿಗೆ ಬಂದಿದ್ದು 1781 ಮಾರ್ಚಲ್ಲಿ. ಇದರ ಪ್ರಕಾರ ಸಾರ್ವಭೌಮತ್ವ ಇರೋದು ರಾಜ್ಯಗಳ ಹತ್ರ. ಕೇಂದ್ರ ಅಂತ ಇದ್ದಿದ್ದು ಕಾಂಗ್ರೆಸ್ ಅನ್ನೋ ಒಂದು ಸಭೆ ಮಾತ್ರ, ಅದಕ್ಕೆ ಪ್ರತ್ಯೇಕ ಕಾರ್ಯಾಂಗ ಇಲ್ಲ, ಮಾಮೂಲಿ ಕೇಸ್ ನೋಡೋ ಕೋರ್ಟ್‌ಗಳೂ ಇಲ್ಲ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಓಟು. ಯುದ್ಧ, ಸಾಲ, ನಾಣ್ಯದಂಥ ಮುಖ್ಯ ವಿಷಯಕ್ಕೆ ಹದಿಮೂರರಲ್ಲಿ ಒಂಬತ್ತು ರಾಜ್ಯ ಒಪ್ಪಬೇಕು, ಒಪ್ಪಂದವನ್ನೇ ತಿದ್ದೋದಾದ್ರೆ ಹದಿಮೂರೂ ಒಪ್ಪಬೇಕು.

ಈಗ ಮುಖ್ಯ ವಿಷಯ, ದುಡ್ಡು. ಕಾಂಗ್ರೆಸ್‌ಗೆ ತೆರಿಗೆ ಹಾಕೋ ಅಧಿಕಾರನೇ ಇರಲಿಲ್ಲ. ನಿಮ್ಮ ಪಾಲು ಇಷ್ಟು ಅಂತ ರಾಜ್ಯಗಳಿಗೆ ಪತ್ರ ಬರೀಬಹುದಿತ್ತು, ರಾಜ್ಯ ತನ್ನ ಜನರಿಂದ ಎತ್ತಿ ಕಳಿಸಬೇಕು. ಒಂಥರಾ ವಂತಿಗೆ. ಕೊಡದೇ ಇದ್ರೆ? ಏನೂ ಇಲ್ಲ, ಇನ್ನೊಂದು ಪತ್ರ. ಬೇಸತ್ತು 1781ರಲ್ಲಿ ಆಮದು ಮೇಲೆ ಶೇ. 5 ಸುಂಕ ಹಾಕೋಕೆ ನಮಗೆ ಅನುಮತಿ ಕೊಡಿ ಅಂತ ಕಾಂಗ್ರೆಸ್ ಕೇಳ್ತು. ಇದು ಒಪ್ಪಂದದ ತಿದ್ದುಪಡಿ ಆಗಿದ್ರಿಂದ ಎಲ್ಲರೂ ಹೂಂ ಅನ್ನಬೇಕು. ರೋಡ್ ಐಲೆಂಡ್ ಅನ್ನೋ ಅತಿ ಚಿಕ್ಕ ರಾಜ್ಯ 1782ರಲ್ಲಿ ಆಗಲ್ಲ ಅಂತು, ಮೊದಲು ಒಪ್ಪಿದ್ದ ವರ್ಜೀನಿಯಾನೂ ಒಪ್ಪಿಗೆ ವಾಪಸ್ ತಗೊಳ್ತು, ಪ್ರಸ್ತಾಪ ಸತ್ತೋಯ್ತು. 1783ರಲ್ಲಿ ಇನ್ನೊಂದು ಸಲ ಟ್ರೈ ಮಾಡಿದ್ರು, ಆಗ ಅಡ್ಡಗಾಲು ಹಾಕಿದ್ದು ನ್ಯೂಯಾರ್ಕ್. ಅದರ ಬಂದರಿಗೆ ಸುಂಕದ ಆದಾಯ ಚೆನ್ನಾಗಿ ಬರ್ತಿತ್ತು, ಅದನ್ನ ಯಾಕೆ ಬಿಟ್ಟುಕೊಡುತ್ತೆ ಹೇಳಿ.

ಇದು ಬರೀ ಕಾಗದದ ಸಮಸ್ಯೆ ಅಲ್ಲ ಅಂತ ಗೊತ್ತಾಗೋಕೆ 1783 ಜೂನ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದಿದ್ದನ್ನ ನೋಡಬೇಕು. ಯುದ್ಧ ಮಾಡಿದ ಸೈನಿಕರಿಗೆ ಸಂಬಳ ಬಾಕಿ ಇತ್ತು, ಕಾಂಗ್ರೆಸ್ ಹತ್ರ ಕೊಡೋಕೆ ದುಡ್ಡಿಲ್ಲ. ಜೂನ್ 21ಕ್ಕೆ ಸುಮಾರು ನಾನ್ನೂರು ಸೈನಿಕರು ಬಂದೂಕು ಹಿಡ್ಕೊಂಡು ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನ ಸುತ್ತುವರಿದು ನಿಂತ್ಕೊಂಡ್ರು. ಕಾಂಗ್ರೆಸ್‌ಗೆ ತನ್ನದೇ ಪೊಲೀಸ್ ಇಲ್ಲ, ಕರೆದ ತಕ್ಷಣ ಬರೋ ಪಡೆನೂ ಇಲ್ಲ, ಹಾಗಾಗಿ ಪೆನ್ಸಿಲ್ವೇನಿಯಾ ಸರ್ಕಾರಕ್ಕೆ ನಿಮ್ಮ ರಾಜ್ಯದ ಸೇನೆ ಕಳಿಸಿ ಅಂತ ಕೇಳ್ತು. ರಾಜ್ಯದ ಮುಖ್ಯಸ್ಥ ಜಾನ್ ಡಿಕಿನ್ಸನ್. ರಾಜ್ಯದ ಕೌನ್ಸಿಲ್ ಯೋಚನೆ ಮಾಡಿ ಈಗ ಕಳಿಸೋಕಾಗಲ್ಲ ಅಂದುಬಿಡ್ತು. ಕಾಂಗ್ರೆಸ್ ಸದಸ್ಯರು ಊರು ಬಿಟ್ಟು ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ಗೆ ಹೋಗಿ ಅಲ್ಲಿ ಸಭೆ ಮುಂದುವರಿಸಿದ್ರು. ಇಲ್ಲಿ ಮಜಾ ಏನು ಅಂದ್ರೆ ಆರ್ಟಿಕಲ್ಸ್‌ನ ಮೊದಲ ಕರಡು ಬರೆದಿದ್ದೇ ಈ ಡಿಕಿನ್ಸನ್.

ನೋಟ್ಸ್‌ಗೆ ಬೇಕಾದ ಪಾಯಿಂಟ್ ಈ ಘಟನೆಯಲ್ಲೇ ಇದೆ. ಕಾನ್ಫೆಡರಲ್ ವ್ಯವಸ್ಥೆಯಲ್ಲಿ ಕೇಂದ್ರ ಅನ್ನೋದು ರಾಜ್ಯಗಳು ಹುಟ್ಟುಹಾಕಿದ ಸಂಸ್ಥೆ, ಅದು ಮಾತಾಡೋದು ರಾಜ್ಯ ಸರ್ಕಾರಗಳ ಜೊತೆ, ನಾಗರಿಕರ ಜೊತೆ ಅಲ್ಲ. ಕಾಂಗ್ರೆಸ್‌ಗೆ ಅಧಿಕಾರದ ಪಟ್ಟಿ ಏನೂ ಚಿಕ್ಕದಿರಲಿಲ್ಲ, ಯುದ್ಧ ಮಾಡಬಹುದಿತ್ತು, ವಿದೇಶಗಳ ಜೊತೆ ಒಪ್ಪಂದ ಮಾಡ್ಕೋಬಹುದಿತ್ತು, ಸಾಲ ಎತ್ತಬಹುದಿತ್ತು. ಆದ್ರೆ ಇದ್ದ ಅಧಿಕಾರವನ್ನ ಚಲಾಯಿಸೋಕೆ ಬೇಕಾದ ಕೈ ರಾಜ್ಯದ್ದು. ರಾಜ್ಯ ಕೈ ಎತ್ತಿದ್ರೆ ಕೇಂದ್ರ ನಿಂತೋಯ್ತು.

## ಫೆಡರಲ್: 1787ರಲ್ಲಿ ಬದಲಾಗಿದ್ದೇನು

1787ರ ಮೇಯಿಂದ ಸೆಪ್ಟೆಂಬರ್‌ವರೆಗೆ ಅದೇ ಫಿಲಡೆಲ್ಫಿಯಾದಲ್ಲಿ ಕೂತು ಹೊಸ ಸಂವಿಧಾನ ಬರೆದ್ರು. ರೋಡ್ ಐಲೆಂಡ್ ಪ್ರತಿನಿಧಿನೇ ಕಳಿಸಲಿಲ್ಲ. ಹಳೇ ನಿಯಮದ ಪ್ರಕಾರ ಹದಿಮೂರೂ ಒಪ್ಪಬೇಕಿತ್ತಲ್ಲ, ಅದನ್ನ ಪಕ್ಕಕ್ಕಿಟ್ಟು ಒಂಬತ್ತು ರಾಜ್ಯ ಒಪ್ಪಿದ್ರೆ ಆ ಒಂಬತ್ತರ ಮಟ್ಟಿಗೆ ಜಾರಿ ಅಂತ ಸಂವಿಧಾನದಲ್ಲೇ ಬರೆದುಬಿಟ್ರು. ಕಾನೂನಿನ ದೃಷ್ಟಿಯಿಂದ ಇದು ಸ್ವಲ್ಪ ಧೈರ್ಯದ ಕೆಲಸನೇ. 1788 ಜೂನಲ್ಲಿ ಒಂಬತ್ತನೇ ರಾಜ್ಯ ಒಪ್ತು, ರೋಡ್ ಐಲೆಂಡ್ ಬಂದಿದ್ದು 1790ರಲ್ಲಿ, ಎಲ್ಲರಿಗಿಂತ ಕೊನೆಗೆ.

ತುಂಬಾ ಜನ ಇಲ್ಲಿ "ಕೇಂದ್ರಕ್ಕೆ ಜಾಸ್ತಿ ವಿಷಯ ಕೊಟ್ರು" ಅಂತ ಬರೀತಾರೆ. ಅದಕ್ಕಿಂತ ದೊಡ್ಡ ಬದಲಾವಣೆ ಏನಂದ್ರೆ ಕೇಂದ್ರಕ್ಕೆ ಸ್ವಂತ ಕೈ ಬಂತು. ತನ್ನದೇ ತೆರಿಗೆ, ಅದನ್ನ ವಸೂಲಿ ಮಾಡೋಕೆ ತನ್ನದೇ ನೌಕರರು, ತಪ್ಪಿಸಿದವರನ್ನ ವಿಚಾರಿಸೋಕೆ ತನ್ನದೇ ಕೋರ್ಟು, ಇದನ್ನೆಲ್ಲ ನಡೆಸೋಕೆ ಒಬ್ಬ ಅಧ್ಯಕ್ಷ. ಅಂದ್ರೆ ಒಬ್ಬನೇ ನಾಗರಿಕನ ಮೇಲೆ ಎರಡು ಸರ್ಕಾರ, ಎರಡೂ ಅವನನ್ನ ನೇರವಾಗಿ ಮುಟ್ಟುತ್ತೆ, ಒಂದರ ಅನುಮತಿ ಇನ್ನೊಂದಕ್ಕೆ ಬೇಕಾಗಿಲ್ಲ.

ವ್ಯತ್ಯಾಸ ಎಷ್ಟು ಅಂತ ನೋಡೋಕೆ 1783ರ ಆ ಘಟನೆಯಿಂದ ಹನ್ನೊಂದು ವರ್ಷ ಮುಂದೆ ಬನ್ನಿ, ರಾಜ್ಯ ಅದೇ ಪೆನ್ಸಿಲ್ವೇನಿಯಾ. 1791ರಲ್ಲಿ ಕೇಂದ್ರ ಸರ್ಕಾರ ವಿಸ್ಕಿ ಮೇಲೆ ತೆರಿಗೆ ಹಾಕಿತ್ತು, ರಾಜ್ಯದ ಪಶ್ಚಿಮ ಭಾಗದ ರೈತರು ಕೊಡಲ್ಲ ಅಂತ ತಿರುಗಿಬಿದ್ರು, 1794 ಜುಲೈನಲ್ಲಿ ಪಿಟ್ಸ್‌ಬರ್ಗ್ ಹತ್ರ ತೆರಿಗೆ ಅಧಿಕಾರಿ ಜಾನ್ ನೆವಿಲ್ ಮನೆಯನ್ನೇ ಸುಟ್ಟುಹಾಕಿದ್ರು. ಈ ಸಲನೂ ರಾಜ್ಯದ ಗವರ್ನರ್‌ಗೆ ಸೇನೆ ಕರೆಯೋ ಮನಸ್ಸಿರಲಿಲ್ಲ. ಆದ್ರೆ ಈಗ ಅವನು ಒಪ್ಪಬೇಕು ಅನ್ನೋ ಕಟ್ಟುಪಾಡೇ ಇಲ್ಲ. 1792ರ ಕಾನೂನಿನ ಪ್ರಕಾರ ಸುಪ್ರೀಂ ಕೋರ್ಟಿನ ಒಬ್ಬ ನ್ಯಾಯಾಧೀಶರು "ಇಲ್ಲಿ ಮಾಮೂಲಿ ರೀತಿಯಲ್ಲಿ ಕಾನೂನು ಜಾರಿ ಮಾಡೋಕೆ ಆಗ್ತಿಲ್ಲ" ಅಂತ ಬರೆದುಕೊಟ್ರೆ ಸಾಕಿತ್ತು, ಜೇಮ್ಸ್ ವಿಲ್ಸನ್ ಬರೆದುಕೊಟ್ರು, ಅಧ್ಯಕ್ಷ ವಾಷಿಂಗ್ಟನ್ ನಾಲ್ಕು ರಾಜ್ಯಗಳಿಂದ ಸುಮಾರು 13,000 ಜನರ ಪಡೆ ಸೇರಿಸಿ ಕಳಿಸಿದ್ರು. ಪಡೆ ಬರೋ ಹೊತ್ತಿಗೆ ದಂಗೆ ಕರಗಿಹೋಗಿತ್ತು, ದೊಡ್ಡ ಕಾಳಗ ಏನೂ ಆಗಲಿಲ್ಲ. 1783ರಲ್ಲಿ ಕೇಂದ್ರ ಊರು ಬಿಟ್ಟು ಹೋಗಿತ್ತು, 1794ರಲ್ಲಿ ಕೇಂದ್ರ ಊರಿಗೆ ಬಂತು. ಎರಡು ಮಾರ್ಕ್ಸ್ ಪ್ರಶ್ನೆಗೆ ಈ ಒಂದು ಹೋಲಿಕೆ ಬರೆದ್ರೂ ನಡೆಯುತ್ತೆ.

ಹಾಗಂತ ರಾಜ್ಯಗಳು ಕೇಂದ್ರದ ಕೆಳಗೆ ಬಂದ್ವು ಅಂತ ಅಲ್ಲ. ಸಂವಿಧಾನ ಕೇಂದ್ರಕ್ಕೆ ಏನೇನು ಅಂತ ಪಟ್ಟಿ ಮಾಡಿದೆ, ಉಳಿದಿದ್ದೆಲ್ಲ ರಾಜ್ಯಕ್ಕೆ ಅಥವಾ ಜನರಿಗೆ ಅಂತ 1791ರ ಹತ್ತನೇ ತಿದ್ದುಪಡಿ ಹೇಳುತ್ತೆ. ಹೀಗೆ ಪಟ್ಟಿಯಲ್ಲಿ ಬರೆಯದೆ ಉಳಿದ ಅಧಿಕಾರಕ್ಕೆ ಶೇಷಾಧಿಕಾರ ಅಂತಾರೆ. ಮತ್ತೆ ಈ ಹಂಚಿಕೆ ಬದಲಾಗಬೇಕಾದ್ರೆ ಸಾಮಾನ್ಯವಾಗಿ ಕೇಂದ್ರದ ಎರಡೂ ಸದನದಲ್ಲಿ ಮೂರರಲ್ಲಿ ಎರಡು ಭಾಗ, ಆಮೇಲೆ ನಾಲ್ಕರಲ್ಲಿ ಮೂರು ಭಾಗ ರಾಜ್ಯಗಳು ಒಪ್ಪಬೇಕು, ಈಗಿನ ಲೆಕ್ಕದಲ್ಲಿ ಐವತ್ತರಲ್ಲಿ ಮೂವತ್ತೆಂಟು. ಕೇಂದ್ರ ಒಬ್ಬಂಟಿಯಾಗಿ ಬದಲಾಯಿಸೋಕಾಗಲ್ಲ, ರೋಡ್ ಐಲೆಂಡ್ ಥರ ಯಾವುದೋ ಒಂದೇ ರಾಜ್ಯ ತಡೆಯೋಕೂ ಆಗಲ್ಲ. ಫೆಡರಲ್‌ನ ಜೀವ ಇರೋದೇ ಇಲ್ಲಿ.

ಇಬ್ಬರಿಗೂ ಜಗಳ ಬಂದ್ರೆ? ಅದಕ್ಕೆ ಕೋರ್ಟ್ ಬೇಕೇ ಬೇಕು, ಫೆಡರಲ್ ವ್ಯವಸ್ಥೆಗೆ ಲಿಖಿತ ಸಂವಿಧಾನ, ಸ್ವತಂತ್ರ ನ್ಯಾಯಾಂಗ ಅನ್ನೋ ಲಕ್ಷಣಗಳು ಪುಸ್ತಕದಲ್ಲಿ ಇರೋದು ಇದೇ ಕಾರಣಕ್ಕೆ. ಕ್ಲಾಸಿಕ್ ಕೇಸು 1819ರ ಮೆಕಲ್ಲಕ್ ವರ್ಸಸ್ ಮೇರಿಲ್ಯಾಂಡ್. ಕೇಂದ್ರ ಒಂದು ಬ್ಯಾಂಕ್ ಮಾಡಿತ್ತು, ಅದರ ಬಾಲ್ಟಿಮೋರ್ ಶಾಖೆ ಮೇಲೆ ಮೇರಿಲ್ಯಾಂಡ್ ರಾಜ್ಯ ತೆರಿಗೆ ಹಾಕ್ತು, ಒಂದೋ ನೋಟುಗಳನ್ನ ರಾಜ್ಯದ ಮುದ್ರೆ ಇರೋ ಕಾಗದದಲ್ಲಿ ಮುದ್ರಿಸಬೇಕು ಇಲ್ಲ ವರ್ಷಕ್ಕೆ 15,000 ಡಾಲರ್ ಕಟ್ಟಬೇಕು. ಶಾಖೆಯ ಕ್ಯಾಷಿಯರ್ ಜೇಮ್ಸ್ ಮೆಕಲ್ಲಕ್ ಕಟ್ಟಲಿಲ್ಲ. ರಾಜ್ಯದ ವಾದ ಸಿಂಪಲ್: ಸಂವಿಧಾನದ ಪಟ್ಟಿಯಲ್ಲಿ ಬ್ಯಾಂಕ್ ಅನ್ನೋ ಪದನೇ ಇಲ್ಲ. ಕೋರ್ಟ್ ಹೇಳಿದ್ದು, ಪಟ್ಟಿಯಲ್ಲಿ ತೆರಿಗೆ ಇದೆ, ಸಾಲ ಇದೆ, ಸೇನೆ ಇದೆ, ಅದನ್ನೆಲ್ಲ ನಡೆಸೋಕೆ ಅಗತ್ಯ ಮತ್ತು ಸೂಕ್ತವಾದ ಕಾನೂನು ಮಾಡೋ ಅಧಿಕಾರನೂ ಇದೆ, ಬ್ಯಾಂಕ್ ಅದರಲ್ಲಿ ಬರುತ್ತೆ. ಕೇಂದ್ರದ ಸಂಸ್ಥೆ ಮೇಲೆ ರಾಜ್ಯ ತೆರಿಗೆ ಹಾಕೋಕೆ ಬಿಟ್ರೆ ಅದನ್ನ ಮುಗಿಸೋಕೂ ಬಿಟ್ಟಂಗೆ, ಅದಕ್ಕೆ ಆ ತೆರಿಗೆ ರದ್ದು.

ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡೋ ಒಂದು ವಿಷಯ ಸೇರಿಸ್ತೀನಿ. ಪಟ್ಟಿ ಬದಲಾಗದೆನೂ ಅಧಿಕಾರ ಜರುಗುತ್ತೆ, ದುಡ್ಡಿನ ದಾರಿಯಲ್ಲಿ. ಅಮೆರಿಕಾದಲ್ಲಿ ಮದ್ಯ ಕೊಳ್ಳೋಕೆ ವಯಸ್ಸೆಷ್ಟು ಅನ್ನೋದು ರಾಜ್ಯಗಳು ನಿರ್ಧಾರ ಮಾಡ್ತಿದ್ದ ವಿಷಯ. 1984ರಲ್ಲಿ ಕೇಂದ್ರ ಅದನ್ನ ನೇರವಾಗಿ ಮುಟ್ಟಲಿಲ್ಲ, 21 ವರ್ಷ ಅಂತ ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ ಸ್ವಲ್ಪ ಕಡಿತ ಅಂತು ಅಷ್ಟೇ. ಸೌತ್ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಕೊನೆಗೆ ಎಲ್ಲಾ ರಾಜ್ಯಗಳೂ 21ಕ್ಕೆ ಬಂದ್ವು. ಕಾನೂನು ಮಾಡಿದ್ದು ರಾಜ್ಯಗಳೇ, ಆದ್ರೆ ಯಾರ ಇಷ್ಟದಂತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

## ಯೂನಿಟರಿ: ಕೊಟ್ಟೋರೇ ವಾಪಸ್ ತಗೋಬಹುದು

ಇದು ಹೆಡ್ ಆಫೀಸ್ ಮತ್ತೆ ಬ್ರಾಂಚ್ ಇದ್ದಂಗೆ. ಬ್ರಾಂಚ್ ಮ್ಯಾನೇಜರ್‌ಗೆ ದೊಡ್ಡ ದೊಡ್ಡ ನಿರ್ಧಾರ ತಗೊಳ್ಳೋ ಸ್ವಾತಂತ್ರ್ಯ ಕೊಟ್ಟಿರಬಹುದು, ವರ್ಷಗಟ್ಲೆ ಯಾರೂ ತಲೆಹಾಕದೇ ಇರಬಹುದು, ಆದ್ರೆ ಬ್ರಾಂಚ್ ಮುಚ್ಚಬೇಕು ಅಂತ ಹೆಡ್ ಆಫೀಸ್ ತೀರ್ಮಾನ ಮಾಡಿದ್ರೆ ಬ್ರಾಂಚ್‌ನ ಸಹಿ ಬೇಕಾಗಲ್ಲ.

ಲಂಡನ್‌ನಲ್ಲಿ ಇದು ಅಕ್ಷರಶಃ ನಡೀತು. ಗ್ರೇಟರ್ ಲಂಡನ್ ಕೌನ್ಸಿಲ್ ಅಂತ ಇಡೀ ಮಹಾನಗರಕ್ಕೆ ಚುನಾಯಿತ ಸಂಸ್ಥೆ ಇತ್ತು, ಅದನ್ನ ನಡೆಸ್ತಿದ್ದಿದ್ದು ಲೇಬರ್ ಪಕ್ಷ, ನಾಯಕ ಕೆನ್ ಲಿವಿಂಗ್‌ಸ್ಟನ್. ದೇಶದ ಪ್ರಧಾನಿ ಕನ್ಸರ್ವೇಟಿವ್ ಪಕ್ಷದ ಥ್ಯಾಚರ್. ಇಬ್ಬರಿಗೂ ಆಗ್ತಿರಲಿಲ್ಲ, ಕೌನ್ಸಿಲ್‌ನ ಕಟ್ಟಡ ಬೇರೆ ಥೇಮ್ಸ್ ನದಿಯ ಇನ್ನೊಂದು ದಡದಲ್ಲಿ ಪಾರ್ಲಿಮೆಂಟಿಗೆ ಹೆಚ್ಚುಕಮ್ಮಿ ಎದುರಿಗೇ ಇತ್ತು. ಪಾರ್ಲಿಮೆಂಟ್ 1985ರಲ್ಲಿ ಒಂದು ಸಾಮಾನ್ಯ ಕಾನೂನು ಪಾಸ್ ಮಾಡ್ತು, 1986 ಮಾರ್ಚ್ 31ಕ್ಕೆ ಕೌನ್ಸಿಲ್ ಮುಗೀತು. ಲಂಡನ್ ಜನರನ್ನ ಕೇಳಬೇಕಾಗಿರಲಿಲ್ಲ, ವಿಶೇಷ ಬಹುಮತ ಬೇಕಾಗಿರಲಿಲ್ಲ. ಬೇರೆ ಸರ್ಕಾರ ಬಂದ ಮೇಲೆ 2000ದಲ್ಲಿ ಮತ್ತೆ ಹೊಸ ರೂಪದಲ್ಲಿ ಮಹಾನಗರ ಆಡಳಿತ ಬಂತು, ಮೊದಲ ಮೇಯರ್ ಆಗಿ ಗೆದ್ದಿದ್ದು ಅದೇ ಲಿವಿಂಗ್‌ಸ್ಟನ್. ಕೊಟ್ಟಿದ್ದೂ, ಕಿತ್ಕೊಂಡಿದ್ದೂ, ಮತ್ತೆ ಕೊಟ್ಟಿದ್ದೂ ಒಂದೇ ಪಾರ್ಲಿಮೆಂಟು.

ಸ್ಕಾಟ್ಲೆಂಡ್ ವಿಷಯ ಇನ್ನೂ ಸೂಕ್ಷ್ಮ. 1998ರ ಕಾನೂನಿಂದ ಅದಕ್ಕೆ ಸ್ವಂತ ಪಾರ್ಲಿಮೆಂಟ್ ಸಿಕ್ತು, ಆರೋಗ್ಯ, ಶಿಕ್ಷಣ ಎಲ್ಲಾ ಅದರ ಕೈಲಿ, ನೋಡೋಕೆ ಫೆಡರಲ್ ಥರನೇ ಕಾಣುತ್ತೆ. ಈ ಥರ ಕೊಡೋದಕ್ಕೆ ಡೆವಲ್ಯೂಷನ್ ಅಂತಾರೆ, ಅಧಿಕಾರ ಕೆಳಗಿಳಿಸೋದು ಅಂತ ಇಟ್ಕೊಳ್ಳಿ. ಆದ್ರೆ ಅದೇ ಕಾನೂನಿನ 28ನೇ ಸೆಕ್ಷನ್‌ನಲ್ಲಿ, ಸ್ಕಾಟ್ಲೆಂಡಿಗೆ ಕಾನೂನು ಮಾಡೋ ಬ್ರಿಟಿಷ್ ಪಾರ್ಲಿಮೆಂಟಿನ ಅಧಿಕಾರಕ್ಕೆ ಇದ್ರಿಂದ ಧಕ್ಕೆ ಇಲ್ಲ ಅಂತ ಬರೆದಿದೆ. 35ನೇ ಸೆಕ್ಷನ್ ಪ್ರಕಾರ ಕೆಲವು ಸಂದರ್ಭದಲ್ಲಿ ಲಂಡನ್‌ನ ಮಂತ್ರಿ ಸ್ಕಾಟಿಷ್ ಮಸೂದೆಯನ್ನ ತಡೀಬಹುದು. 2022 ಡಿಸೆಂಬರಲ್ಲಿ ಲಿಂಗ ಗುರುತಿನ ನೋಂದಣಿ ಬಗ್ಗೆ ಸ್ಕಾಟಿಷ್ ಪಾರ್ಲಿಮೆಂಟ್ ಒಂದು ಮಸೂದೆ ಪಾಸ್ ಮಾಡ್ತು, 2023 ಜನವರಿಯಲ್ಲಿ ಲಂಡನ್ ಅದನ್ನ ತಡೆಹಿಡೀತು, ಈ ಸೆಕ್ಷನ್ ಬಳಸಿದ್ದು ಅದೇ ಮೊದಲ ಸಲ. ಸ್ಕಾಟ್ಲೆಂಡ್ ಕೋರ್ಟಿಗೆ ಹೋಯ್ತು, ಕೋರ್ಟ್ ತಡೆ ಸರಿ ಅಂತು.

ಇಲ್ಲೊಂದು ಎಚ್ಚರಿಕೆ. ಕಾನೂನಲ್ಲಿ ಆಗುತ್ತೆ ಅಂದ ಮಾತ್ರಕ್ಕೆ ರಾಜಕೀಯವಾಗಿ ಆಗುತ್ತೆ ಅಂತಲ್ಲ. ಜನಮತಗಣನೆ ಇಲ್ಲದೆ ಸ್ಕಾಟಿಷ್ ಪಾರ್ಲಿಮೆಂಟನ್ನ ರದ್ದು ಮಾಡಲ್ಲ ಅಂತ 2016ರ ಕಾನೂನಲ್ಲೇ ಬರೆದಿದ್ದಾರೆ. ಆ ಮಾತನ್ನೂ ಮುಂದಿನ ಪಾರ್ಲಿಮೆಂಟ್ ಇನ್ನೊಂದು ಕಾನೂನಿಂದ ತೆಗೀಬಹುದು ಅನ್ನೋದು ಸಾಂಪ್ರದಾಯಿಕ ವಾದ, ಆದ್ರೆ ಹಾಗೆ ಮಾಡೋ ಸರ್ಕಾರ ಚುನಾವಣೆಗೆ ಯಾವ ಮುಖ ಇಟ್ಕೊಂಡು ಹೋಗುತ್ತೆ ಅನ್ನೋದು ಬೇರೆ ಪ್ರಶ್ನೆ.

## ಪರೀಕ್ಷೆಯಲ್ಲಿ ಎಡವೋ ಜಾಗಗಳು

ಹೆಸರು ನೋಡಿ ಉತ್ತರ ಬರೀಬೇಡಿ. ಸ್ವಿಟ್ಜರ್ಲೆಂಡ್ ತನ್ನ ಅಧಿಕೃತ ಹೆಸರಲ್ಲಿ ಇನ್ನೂ ಕಾನ್ಫೆಡರೇಷನ್ ಅಂತಾನೇ ಇಟ್ಕೊಂಡಿದೆ, ಆದ್ರೆ 1848ರ ಸಂವಿಧಾನದಿಂದ ಅದು ಫೆಡರಲ್.

ಭಾರತದ್ದು ಫೆಡರಲ್, ಆದ್ರೆ ಮೊದಲ ಪ್ರಶ್ನೆಗೆ ಎರಡು ಥರ ಉತ್ತರ ಕೊಡುತ್ತೆ, ಅದಕ್ಕೇ ಫೆಡರಲ್ ವ್ಯವಸ್ಥೆ ಬಗ್ಗೆ ಬರೆದ ವಿದ್ವಾಂಸ ಕೆ.ಸಿ. ವೇರ್ ಅರೆ-ಫೆಡರಲ್ ಅಂತ ಕರೆದಿದ್ದು. ಏಳನೇ ಶೆಡ್ಯೂಲ್‌ನಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಅಂತ ಮೂರಿದೆ, ಅದನ್ನ ತಿದ್ದಬೇಕಾದ್ರೆ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆ ಒಪ್ಪಬೇಕು, ಇದು ಪಕ್ಕಾ ಫೆಡರಲ್ ಲಕ್ಷಣ. ಆದ್ರೆ ಶೇಷಾಧಿಕಾರ ಅಮೆರಿಕಾ ಥರ ರಾಜ್ಯಕ್ಕಲ್ಲ, ಕೇಂದ್ರಕ್ಕೆ. ಇನ್ನು 3ನೇ ವಿಧಿ ಪ್ರಕಾರ ರಾಜ್ಯದ ಗಡಿ, ಹೆಸರು ಬದಲಾಯಿಸೋದು, ರಾಜ್ಯ ಒಡೆಯೋದು ಸಂಸತ್ತಿನ ಸಾಮಾನ್ಯ ಬಹುಮತದಲ್ಲೇ ಆಗುತ್ತೆ, ಆ ರಾಜ್ಯದ ಅಭಿಪ್ರಾಯ ಕೇಳಬೇಕು ಆದ್ರೆ ಕೇಳಿದಂಗೆ ಮಾಡಬೇಕಾಗಿಲ್ಲ. 2014 ಜನವರಿಯಲ್ಲಿ ಆಂಧ್ರಪ್ರದೇಶ ವಿಧಾನಸಭೆ ರಾಜ್ಯ ವಿಭಜನೆ ಮಸೂದೆಯನ್ನ ತಿರಸ್ಕರಿಸ್ತು, ಫೆಬ್ರವರಿಯಲ್ಲಿ ಸಂಸತ್ತು ಪಾಸ್ ಮಾಡ್ತು, ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ವಿಷಯಗಳ ಹಂಚಿಕೆಗೆ ಭದ್ರವಾದ ಬೀಗ ಇದೆ, ರಾಜ್ಯದ ಗಡಿಗೆ ಇಲ್ಲ. ಉತ್ತರದಲ್ಲಿ ಈ ಎರಡನ್ನೂ ಬೇರೆ ಬೇರೆ ಮಾಡಿ ಬರೆದ್ರೆ ಮೌಲ್ಯಮಾಪಕರಿಗೂ ಖುಷಿ.

ಕಷ್ಟದ ಕೇಸು ಯುರೋಪಿಯನ್ ಯೂನಿಯನ್. ಎರಡನೇ ಪ್ರಶ್ನೆ ಕೇಳಿದ್ರೆ ಫೆಡರಲ್ ಅನ್ಸುತ್ತೆ, ಯಾಕಂದ್ರೆ ಅದರ ಎಷ್ಟೋ ಕಾನೂನು ಸದಸ್ಯ ದೇಶದ ನಾಗರಿಕರಿಗೆ ನೇರವಾಗಿ ಅನ್ವಯ ಆಗುತ್ತೆ, ದೇಶದ ಕಾನೂನಿಗೂ ಇದಕ್ಕೂ ತಿಕ್ಕಾಟ ಬಂದ್ರೆ ಯೂನಿಯನ್ ಕಾನೂನೇ ಮೇಲು ಅಂತ ಅದರ ಕೋರ್ಟ್ 1964ರಲ್ಲೇ ಹೇಳಿದೆ. ಮೊದಲ ಪ್ರಶ್ನೆ ಕೇಳಿದ್ರೆ ಕಾನ್ಫೆಡರಲ್. ಮೂಲ ಒಪ್ಪಂದ ಬದಲಾಗಬೇಕಾದ್ರೆ ಎಲ್ಲಾ ದೇಶಗಳೂ ಒಪ್ಪಬೇಕು, 2008ರಲ್ಲಿ ಐರ್ಲೆಂಡ್ ಮತದಾರರು ಲಿಸ್ಬನ್ ಒಪ್ಪಂದ ಬೇಡ ಅಂದಾಗ ಇಡೀ ಯೂನಿಯನ್ ಕಾಯ್ತಾ ಕೂತಿತು, ಮಾರನೇ ವರ್ಷ ಮತ್ತೆ ಮತ ಹಾಕಿ ಹೂಂ ಅಂದ ಮೇಲೇ ಅದು ಜಾರಿಗೆ ಬಂದಿದ್ದು. ಬಿಟ್ಟು ಹೋಗೋ ದಾರಿನೂ 50ನೇ ವಿಧಿಯಲ್ಲಿ ಬರೆದಿದೆ. ಬ್ರಿಟನ್ 2017 ಮಾರ್ಚಲ್ಲಿ ಆ ವಿಧಿಯ ಪ್ರಕಾರ ನೋಟಿಸ್ ಕೊಟ್ಟು 2020 ಜನವರಿ 31ಕ್ಕೆ ಹೊರಗೆ ಹೋಯ್ತು. ಅಮೆರಿಕಾದಲ್ಲಿ ಒಂದು ರಾಜ್ಯ ತಾನೇ ತೀರ್ಮಾನ ಮಾಡಿ ಹೀಗೆ ಹೋಗೋ ಹಾಗಿಲ್ಲ, ಟೆಕ್ಸಾಸ್ ವರ್ಸಸ್ ವೈಟ್ ಕೇಸಲ್ಲಿ 1869ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೇಳಿದೆ, ಅದಕ್ಕಿಂತ ಮುಂಚೆ ನಾಲ್ಕು ವರ್ಷದ ಅಂತರ್ಯುದ್ಧನೇ ಆಗಿತ್ತು. ಹಾಗಾಗಿ ಯೂನಿಯನ್ ಬಗ್ಗೆ ಕೇಳಿದ್ರೆ ಒಂದೇ ಪದದಲ್ಲಿ ಉತ್ತರ ಬರೀದೆ, ಯಾವ ಪ್ರಶ್ನೆಗೆ ಯಾವ ಗೂಡು ಅಂತ ಎರಡು ವಾಕ್ಯ ಬರೀರಿ.